ಖಾಲಿ ಬಿನ್ ಬಿಟ್ಟು ಹೊರಟ ಗಾಡಿ: ಒಂದು ಮಿಲ್ಕ್ ರನ್ ರೂಟಿನ ಪ್ರಕರಣ

ಸೈಡ್ ಮಿರರ್ ಇಲ್ಲದೆ ನಮ್ಮ ಅಸೆಂಬ್ಲಿ ಲೈನ್ ಒಂದು ಮಧ್ಯಾಹ್ನ 22 ನಿಮಿಷ ನಿಂತಿತು. 4 ನಿಮಿಷಕ್ಕೆ ಒಂದು ಕಾರು ಹೊರಬರುವ ಲೈನ್ ಅದು, ಅಂದರೆ ಐದು ಕಾರು ಹೋಯಿತು. ಮಿರರ್ ಮಾಡುವವರು ಮಾಲು ಪ್ಯಾಕ್ ಮಾಡಿ ಇಟ್ಟುಕೊಂಡೇ ಕಾದಿದ್ದರು. ಗಾಡಿಯೂ ಅವರ ಗೇಟಿಗೆ ಹೋಗಿತ್ತು. ಆದರೆ ಗಾಡಿಯೊಳಗೆ ಜಾಗ ಇರಲಿಲ್ಲ. ಡ್ರೈವರ್ ಮಿರರ್ ಹಾಕಿಕೊಳ್ಳದೆ ಬಂದರು.

ನನ್ನನ್ನು ಕಾಡಿದ್ದು ಒಂದೇ ವಿಷಯ. ಲೆಕ್ಕದ ಪ್ರಕಾರ ಆ ಗಾಡಿ ಶೇಕಡ 79 ಮಾತ್ರ ತುಂಬಬೇಕು. ಉಳಿದ 21 ಎಲ್ಲಿ ಹೋಯಿತು?

ಪ್ಲಾಂಟಿಗೆ ಒಳಬರುವ ಬಿಡಿಭಾಗಗಳ ಸಾಗಣೆ ನೋಡಿಕೊಳ್ಳುವ ಕೆಲಸ ನನ್ನದು. ಈ ರೂಟನ್ನು ಬಿಡಿಸಿ ನೋಡಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು. ಸಿಕ್ಕ ಉತ್ತರ ನಾನು ಮೊದಲು ಹುಡುಕಿದ ಕಡೆ ಇರಲಿಲ್ಲ, ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ರೂಟ್ ಹೇಗಿತ್ತು

ಮಿಲ್ಕ್ ರನ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿ ಸಪ್ಲೈಯರ್ ತನ್ನ ಗಾಡಿಯಲ್ಲಿ ತನ್ನ ಮಾಲು ಕಳಿಸುವ ಬದಲು, ಪ್ಲಾಂಟಿನ ಒಂದೇ ಗಾಡಿ ಹೊರಟು, ಐದಾರು ಸಪ್ಲೈಯರ್‌ಗಳ ಬಾಗಿಲಿಗೆ ಸಾಲಾಗಿ ಹೋಗಿ, ಒಬ್ಬೊಬ್ಬರಿಂದ ಸ್ವಲ್ಪ ಸ್ವಲ್ಪ ತುಂಬಿಕೊಂಡು ವಾಪಸ್ ಬರುತ್ತದೆ. ಹೆಸರು ಬಂದಿದ್ದು ಹಾಲಿನ ಗಾಡಿಯಿಂದ. ಹಾಲಿನ ಗಾಡಿ ಮನೆಯಿಂದ ಮನೆಗೆ ಹೋಗಿ ತುಂಬಿದ ಕ್ಯಾನ್ ಎತ್ತಿಕೊಳ್ಳುತ್ತದೆ, ಖಾಲಿ ಕ್ಯಾನ್ ಇಟ್ಟು ಬರುತ್ತದೆ. ಈ ಎರಡನೇ ಅರ್ಧವನ್ನು, ಅಂದರೆ ಖಾಲಿ ಕ್ಯಾನ್ ಇಟ್ಟು ಬರುವುದನ್ನು, ನೆನಪಿಟ್ಟುಕೊಳ್ಳಿ. ನಮ್ಮ ಪ್ಲಾಂಟಿನಲ್ಲಿ ನಾವೆಲ್ಲ ಮರೆತಿದ್ದು ಅದನ್ನೇ.

ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ಮಿರರ್ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ದಿನಕ್ಕೆ 225 ಕಾರಿಗೆ ಬೇಕಾದ ಮಿರರ್ ಆರು ಪ್ಯಾಲೆಟ್‌ನಲ್ಲಿ, ಅಂದರೆ ಮಾಲು ಪೇರಿಸಿ ಫೋರ್ಕ್‌ಲಿಫ್ಟ್‌ನಿಂದ ಎತ್ತುವ ಆರು ಹಲಗೆಯಲ್ಲಿ, ಮುಗಿಯುತ್ತದೆ. ನಮ್ಮ ಗಾಡಿಗೆ 24 ಪ್ಯಾಲೆಟ್ ಹಿಡಿಯುತ್ತದೆ. ಮಿರರ್‌ನವರು ತಾವೇ ಗಾಡಿ ತುಂಬಿಸಿ ಕಳಿಸಬೇಕು ಅಂದರೆ ನಾಲ್ಕು ದಿನದ ಮಾಲನ್ನು ಒಟ್ಟಿಗೆ ಕಳಿಸಬೇಕು. ಅಷ್ಟನ್ನು ಪ್ಲಾಂಟಿನಲ್ಲಿ ಇಡೋಕೆ ಜಾಗ ಬೇಕು, ಅದರಲ್ಲಿ ಏನಾದರೂ ದೋಷ ಇದ್ದರೆ ನಾಲ್ಕು ದಿನದ ಮಾಲಿನಲ್ಲೂ ಇರುತ್ತದೆ. ಐದು ಜನರ ಮಾಲನ್ನು ಒಂದೇ ಗಾಡಿಗೆ ಸೇರಿಸಿದರೆ ಗಾಡಿಯೂ ತುಂಬುತ್ತದೆ, ಎಲ್ಲರ ಮಾಲೂ ದಿನಕ್ಕೆ ಮೂರು ಸಲ ಬರುತ್ತದೆ. ಟೊಯೋಟಾ ಬೆಳೆಸಿದ ಉತ್ಪಾದನಾ ಪದ್ಧತಿ ನಿಂತಿರುವುದೇ ಈ ಥರ ಸಣ್ಣ ಸಣ್ಣ ಪ್ರಮಾಣದಲ್ಲಿ, ಪದೇ ಪದೇ ತರಿಸುವುದರ ಮೇಲೆ.

ನಮ್ಮ ಈ ರೂಟಿನಲ್ಲಿ ಐದು ಸಪ್ಲೈಯರ್. ಗಾಡಿ ಮೊದಲು ಕಬ್ಬಿಣದ ಬ್ರಾಕೆಟ್ ಮಾಡುವವರ ಹತ್ತಿರ ಹೋಗುತ್ತದೆ, ಆಮೇಲೆ ಹೆಡ್‌ಲೈಟ್, ಆಮೇಲೆ ಏಸಿ ಡಕ್ಟ್, ಆಮೇಲೆ ಬಾಗಿಲಿನ ರಬ್ಬರ್, ಕೊನೆಗೆ ಮಿರರ್. ಎರಡು ಶಿಫ್ಟ್ ಸೇರಿ 15 ಗಂಟೆ ಲೈನ್ ಓಡುತ್ತದೆ, ಅಷ್ಟರಲ್ಲಿ ಮೂರು ಟ್ರಿಪ್. ಒಂದು ಟ್ರಿಪ್ ಅಂದರೆ 75 ಕಾರಿನ ಮಾಲು, 5 ಗಂಟೆಯ ಕೆಲಸ.

ಎಲ್ಲರೂ ಒಂದೇ ಅಳತೆಯ ಪ್ಲಾಸ್ಟಿಕ್ ಬಿನ್‌ನಲ್ಲಿ ಮಾಲು ಕೊಡುತ್ತಾರೆ, 600 ಮಿಲಿಮೀಟರ್ ಉದ್ದ, 400 ಅಗಲ, 300 ಎತ್ತರ. ಒಂದು ಪ್ಯಾಲೆಟ್ ಮೇಲೆ ಸಾಲಿಗೆ ಐದರಂತೆ ಮೂರು ಸಾಲು, ಒಟ್ಟು 15 ಬಿನ್. ಪ್ಯಾಲೆಟ್ ಸೇರಿ ಎತ್ತರ 1.05 ಮೀಟರ್. ಗಾಡಿಯ ಒಳಗಿನ ಎತ್ತರ 2.4 ಮೀಟರ್, ಹಾಗಾಗಿ ಒಂದರ ಮೇಲೆ ಒಂದು ಇಟ್ಟರೂ ಫೋರ್ಕ್‌ಲಿಫ್ಟ್‌ಗೆ ಎತ್ತಿ ಇಳಿಸಲು 30 ಸೆಂಟಿಮೀಟರ್ ಮಿಗುತ್ತದೆ. ನೆಲದ ಮೇಲೆ 12 ಪ್ಯಾಲೆಟ್, ಅದರ ಮೇಲೆ 12. ಹೀಗೆ 24.

ಒಂದು ಟ್ರಿಪ್‌ಗೆ ಬ್ರಾಕೆಟ್ 3, ಹೆಡ್‌ಲೈಟ್ 5, ಡಕ್ಟ್ 5, ರಬ್ಬರ್ 4, ಮಿರರ್ 2. ಒಟ್ಟು 19 ಪ್ಯಾಲೆಟ್. 24ರಲ್ಲಿ 19, ಅದೇ ಆ ಶೇಕಡ 79.

ಗಾಡಿ ಎರಡೂ ಪಕ್ಕ ಮೇಲಕ್ಕೆ ತೆರೆಯುವ ವಿಂಗ್ ಬಾಡಿಯದು. ಇದು ಶೋಕಿಗೆ ಅಲ್ಲ. ಹಿಂದಿನ ಬಾಗಿಲಿಂದ ಮಾತ್ರ ತುಂಬುವ ಗಾಡಿಯಾದರೆ, ಮೊದಲ ಸಪ್ಲೈಯರ್ ಹತ್ತಿರ ಖಾಲಿ ಇಳಿಸಿ ತುಂಬಿದ್ದನ್ನು ಅದೇ ಜಾಗಕ್ಕೆ ಇಟ್ಟ ಕೂಡಲೇ, ಎರಡನೆಯವರ ಖಾಲಿ ಬಿನ್ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಪ್ರತಿ ನಿಲುಗಡೆಯಲ್ಲೂ ಎಲ್ಲ ಇಳಿಸಿ ಮತ್ತೆ ಹತ್ತಿಸಬೇಕಾಗುತ್ತದೆ. ಖಾಲಿಯೂ ತುಂಬಿದ್ದೂ ಒಂದೇ ಗಾಡಿಯಲ್ಲಿ ಅದಲುಬದಲಾಗಬೇಕಾದರೆ ಪಕ್ಕದಿಂದ ಕೈಗೆ ಸಿಗಬೇಕು.

ಮೊದಲು ತಪ್ಪು ಕಡೆ ಹುಡುಕಿದ್ದು

ಲೈನ್ ನಿಂತ ಮೇಲೆ ನಡೆದ ಮೀಟಿಂಗಿನಲ್ಲಿ ಎಲ್ಲರೂ ಹೇಳಿದ್ದು ಒಂದೇ. ಟ್ರಾಫಿಕ್. ಗಾಡಿ ಲೇಟು. ಡ್ರೈವರ್ ನಡುವೆ ಎಲ್ಲೋ ನಿಲ್ಲಿಸುತ್ತಾನೆ.

ಆ ತಿಂಗಳು ಈ ಒಂದು ರೂಟಿಗೆ 11 ಸಲ ಸ್ಪೆಷಲ್ ಗಾಡಿ ಕಳಿಸಿದ್ದೆವು. ಪ್ರತಿ ಸಲವೂ ಕಾರಣದ ಕಾಲಂನಲ್ಲಿ "ಸಾಗಣೆ ವಿಳಂಬ" ಅಂತ ಬರೆದಿತ್ತು. ಯಾರೂ ಅದಕ್ಕಿಂತ ಒಳಗೆ ಹೋಗಿರಲಿಲ್ಲ, ನಾನೂ ಹೋಗಿರಲಿಲ್ಲ.

ಪೂರ್ತಿ ಸುತ್ತಿಗೆ ಇಟ್ಟುಕೊಂಡ ಸಮಯ ಹೀಗೆ. ಓಡುವುದಕ್ಕೆ 135 ನಿಮಿಷ. ಐದು ಕಡೆ ತಲಾ 20ರಂತೆ 100 ನಿಮಿಷ. ಪ್ಲಾಂಟಿನಲ್ಲಿ ಇಳಿಸಿ ಖಾಲಿ ಹತ್ತಿಸಲು 45 ನಿಮಿಷ. ಒಟ್ಟು 280. ನಮ್ಮ ಹತ್ತಿರ ಇರುವುದು 300. ಮಿಗುವುದು 20 ನಿಮಿಷ ಮಾತ್ರ. ಬಿಗಿ ಇದೆ ನಿಜ, ಆದರೆ ಆಗದ ಮಾತಲ್ಲ.

ಮೂರು ವಾರದ ಗೇಟ್ ರಿಜಿಸ್ಟರ್ ತೆಗೆದು ಕೂತೆ, ನಮ್ಮದೂ ಐದೂ ಸಪ್ಲೈಯರ್‌ಗಳದ್ದೂ. 54 ಟ್ರಿಪ್. ಒಂದು ಗೇಟಿನಿಂದ ಹೊರಟ ಸಮಯ, ಮುಂದಿನ ಗೇಟಿಗೆ ತಲುಪಿದ ಸಮಯ, ಒಂದೊಂದೇ ಬರೆದುಕೊಂಡೆ. ರಸ್ತೆಯ ಸಮಯದಲ್ಲಿ ದೊಡ್ಡ ಏರುಪೇರು ಕಾಣಲೇ ಇಲ್ಲ. ಪೂರ್ತಿ ಸುತ್ತಿಗೆ ಹತ್ತು ನಿಮಿಷ ಹೆಚ್ಚು ಕಡಿಮೆ, ಅಷ್ಟೇ. ಡ್ರೈವರ್ ಬಗ್ಗೆ ನಾವು ಆಡಿದ ಮಾತೆಲ್ಲ ತಪ್ಪು ಅಂತ ಅವತ್ತೇ ಗೊತ್ತಾಯಿತು. ಮರುದಿನ ಅವರ ಹತ್ತಿರ ಹೋಗಿ ಅದನ್ನು ಹೇಳಿದೆ.

ಏರುಪೇರು ಇದ್ದಿದ್ದು ಎರಡು ಕಡೆ. ಹೆಡ್‌ಲೈಟ್‌ನವರ ಗೇಟಿನಲ್ಲಿ 20 ನಿಮಿಷ ಆಗಬೇಕಾದ ಕೆಲಸ ಕೆಲವೊಮ್ಮೆ 55 ನಿಮಿಷ ಆಗಿತ್ತು. ಇನ್ನೊಂದು ನಮ್ಮ ಸ್ವಂತ ಪ್ಲಾಂಟಿನಲ್ಲೇ. ಅಲ್ಲಿ ಕಂಡಿದ್ದು ವಿಚಿತ್ರ. ಗಾಡಿ ನಮ್ಮಲ್ಲಿ ನಿಲ್ಲುವ ಸಮಯ ಒಂದೋ 45 ನಿಮಿಷದ ಆಸುಪಾಸು, ಇಲ್ಲವೋ 20 ನಿಮಿಷದ ಆಸುಪಾಸು. ನಡುವಿನದು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಒಂದೇ ಕೆಲಸ ಸ್ವಲ್ಪ ಬೇಗ, ಸ್ವಲ್ಪ ತಡ ಆಗುತ್ತಿದ್ದರೆ ಸಮಯಗಳು ಒಂದರ ಪಕ್ಕ ಒಂದು ಹರಡಿಕೊಂಡಿರುತ್ತವೆ. ಹೀಗೆ ಎರಡು ಗುಂಪಾಗಿ ನಿಂತರೆ ಅಲ್ಲಿ ನಡೆಯುತ್ತಿರುವುದು ಎರಡು ಬೇರೆ ಬೇರೆ ಕೆಲಸ. 54 ಟ್ರಿಪ್‌ನಲ್ಲಿ 13 ಟ್ರಿಪ್ ಆ 20 ನಿಮಿಷದ ಗುಂಪಿನಲ್ಲಿದ್ದವು.

ಆ 13 ಟ್ರಿಪ್‌ನಲ್ಲಿ ಗಾಡಿ ಮಾಲು ಇಳಿಸಿ ಖಾಲಿ ಬಿನ್ ಹತ್ತಿಸಿಕೊಳ್ಳದೆ ಹೊರಟುಬಿಟ್ಟಿತ್ತು.

ಗಾಡಿಯ ಮಾಲು ಇಳಿಸಿ ಹತ್ತಿಸುವ ಡಾಕಿನ ಸೂಪರ್‌ವೈಸರ್‌ಗೆ ಕೇಳಿದೆ. ಅವರೇನೂ ಮುಚ್ಚಿಡಲಿಲ್ಲ. "ಗಾಡಿ ಲೇಟಾಗಿ ಬಂದಿರುತ್ತೆ ಸರ್. ಖಾಲಿ ಹತ್ತಿಸ್ತಾ ಕೂತರೆ ಮುಂದಿನ ಟ್ರಿಪ್ಪೂ ಲೇಟಾಗುತ್ತೆ. ಬೇಗ ಕಳಿಸು ಅಂತ ನೀವೇ ಅಲ್ವಾ ಹೇಳೋದು? ಖಾಲಿ ಮುಂದಿನ ಗಾಡಿಗೆ ಹೋಗುತ್ತೆ ಅಂತ ಬಿಟ್ಟೆ." ಅವರು ಹೇಳಿದ್ದರಲ್ಲಿ ನ್ಯಾಯ ಇತ್ತು. ನಾವು ಅವರನ್ನು ಅಳೆಯುತ್ತಿದ್ದಿದ್ದೇ ಗಾಡಿ ಹೊರಟ ಸಮಯದಿಂದ. ಖಾಲಿ ಎಷ್ಟು ಹೋಯಿತು ಅನ್ನುವುದನ್ನು ಬರೆಯುವ ಕಾಗದವೇ ಇರಲಿಲ್ಲ. ಒಳಗೆ ಬಂದ ಮಾಲಿಗೆ ಇನ್‌ವಾಯ್ಸ್ ಇದೆ, ಸಿಸ್ಟಂನಲ್ಲಿ ಎಂಟ್ರಿ ಇದೆ, ಸಹಿ ಇದೆ. ಹೊರಗೆ ಹೋಗುವ ಖಾಲಿಗೆ ಸೆಕ್ಯೂರಿಟಿಯವರ ಪುಸ್ತಕದಲ್ಲಿ ಒಂದು ಟಿಕ್ ಗುರುತು ಮಾತ್ರ.

ಮುಂದಿನ ಗಾಡಿಗೆ ಹೋಗುತ್ತೆ ಅನ್ನುವ ಲೆಕ್ಕ

ಈ ಪ್ರಕರಣದ ಗಂಟು ಇರುವುದು ಇಲ್ಲೇ.

ತುಂಬಿದ ಬಿನ್ ಎಷ್ಟು ಜಾಗ ಹಿಡಿಯುತ್ತದೋ ಖಾಲಿ ಬಿನ್ನೂ ಅಷ್ಟೇ ಹಿಡಿಯುತ್ತದೆ. ನಮ್ಮದು ಮಡಚುವ ಬಿನ್ ಅಲ್ಲ. ಅಂದರೆ ಬರುವಾಗ 19 ಪ್ಯಾಲೆಟ್ ಮಾಲು, ಹೋಗುವಾಗ 19 ಪ್ಯಾಲೆಟ್ ಖಾಲಿ. ಒಂದು ಟ್ರಿಪ್ ಖಾಲಿ ಬಿಟ್ಟು ಹೋದರೆ ಮುಂದಿನ ಟ್ರಿಪ್‌ಗೆ 38 ಪ್ಯಾಲೆಟ್ ಖಾಲಿ ಕಾಯುತ್ತಿರುತ್ತದೆ. ಗಾಡಿಗೆ ಹಿಡಿಯುವುದು 24. ಆ ಟ್ರಿಪ್‌ನ ಪಾಲಿನ 19 ಹಾಕಿದ ಮೇಲೆ ಬಾಕಿ ತೀರಿಸಲು ಉಳಿಯುವುದು 5 ಜಾಗ ಮಾತ್ರ. 19ರ ಬಾಕಿಯನ್ನು ಐದೈದರಂತೆ ತೀರಿಸಲು ನಾಲ್ಕು ಟ್ರಿಪ್ ಬೇಕು. ಒಂದು ದಿನಕ್ಕಿಂತ ಜಾಸ್ತಿ. ಆ ನಾಲ್ಕು ಟ್ರಿಪ್ ಮುಗಿಯುವುದರೊಳಗೆ ಇನ್ನೊಂದು ಸಲ ಖಾಲಿ ಬಿಟ್ಟು ಹೋದರೆ ಬಾಕಿ ತೀರುವುದೇ ಇಲ್ಲ. ನಾವು 54 ಟ್ರಿಪ್‌ನಲ್ಲಿ 13 ಸಲ ಬಿಟ್ಟಿದ್ದೆವು, ಅಂದರೆ ಹೆಚ್ಚು ಕಡಿಮೆ ಪ್ರತಿ ನಾಲ್ಕನೇ ಟ್ರಿಪ್. ಬಾಕಿ ಯಾವತ್ತೂ ತೀರಿರಲಿಲ್ಲ. ಪ್ಲಾಂಟಿನ ಹಿಂದಿನ ಅಂಗಳದಲ್ಲಿ ಖಾಲಿ ಬಿನ್ನಿನ ಗುಡ್ಡ ಯಾಕೆ ಇದೆ ಅಂತ ವರ್ಷಗಟ್ಟಲೆ ನೋಡಿದ್ದ ನಮಗೆ ಅವತ್ತು ಅರ್ಥವಾಯಿತು.

25 ನಿಮಿಷ ಉಳಿಸಿದ್ದಕ್ಕೆ ನಾಲ್ಕು ಟ್ರಿಪ್ ಬೆಲೆ ಕೊಡುತ್ತಿದ್ದೆವು, ಆ ಬೆಲೆ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಯಾಕೆಂದರೆ ಅದು ಕಾಣಿಸಿಕೊಳ್ಳುವುದು ಇನ್ನೊಂದು ಜಾಗದಲ್ಲಿ, ಇನ್ನೊಂದು ದಿನ.

ಹೆಡ್‌ಲೈಟ್‌ನವರ ಅಂಗಳದಲ್ಲಿ

ಒಂದು ದಿನ ಗಾಡಿಯಲ್ಲೇ ಕೂತು ಪೂರ್ತಿ ಸುತ್ತು ಹೋದೆ. ಹೆಡ್‌ಲೈಟ್‌ನವರ ಹತ್ತಿರ ಇಳಿದಾಗ ಡಿಸ್ಪ್ಯಾಚಿನ ಹುಡುಗರು ರಟ್ಟಿನ ಪೆಟ್ಟಿಗೆ ಅಂಟಿಸುತ್ತಾ ನಿಂತಿದ್ದರು. ಬಿನ್ ಇಲ್ಲ. ಲೈನಿಂದ ಹೆಡ್‌ಲೈಟ್ ಬರುತ್ತಲೇ ಇದೆ, ಎಲ್ಲಿಡುವುದು? ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅವರನ್ನು ತಪ್ಪು ಅನ್ನಲು ಆಗುವುದಿಲ್ಲ.

ಆದರೆ ರಟ್ಟಿನ ಪೆಟ್ಟಿಗೆಗೆ ಬಿನ್‌ನ ಅಳತೆ ಇಲ್ಲ. ನಡುವೆ ಕಾಗದ ತುರುಕಿ, ಒಂದೇ ಪ್ಯಾಲೆಟ್ ಮೇಲೆ 1.4 ಮೀಟರ್ ಎತ್ತರಕ್ಕೆ ಕಟ್ಟಿದ್ದರು. ಅದರ ಮೇಲೆ ಏನಾದರೂ ಇಟ್ಟರೆ ರಟ್ಟು ಕುಸಿದು ಲೈಟಿನ ಗಾಜು ಗೀಚುತ್ತದೆ. ಸರಿ, ಅದನ್ನೇ ಬಿನ್‌ಗಳ ಮೇಲೆ ಇಡೋಣ ಅಂದರೆ 1.05ಕ್ಕೆ 1.4 ಸೇರಿ 2.45 ಮೀಟರ್ ಆಗುತ್ತದೆ, ಗಾಡಿಯ ಎತ್ತರ 2.4. ಐದು ಸೆಂಟಿಮೀಟರಿಗೆ ಆಗುವುದಿಲ್ಲ. ಹಾಗಾಗಿ ಕೆಳಗೂ ಬೇರೆ ಯಾವುದೂ ಇಲ್ಲ, ಮೇಲೂ ಇಲ್ಲ. ಒಂದೊಂದು ರಟ್ಟಿನ ಪ್ಯಾಲೆಟ್ ಎರಡೆರಡು ಜಾಗ ತಿನ್ನುತ್ತದೆ. ಹತ್ತಿಸುವುದೂ ನಿಧಾನ, ಪೆಟ್ಟಿಗೆ ಜಾರದಂತೆ ಹಗ್ಗ ಕಟ್ಟಬೇಕು. ಆ 55 ನಿಮಿಷ ಎಲ್ಲಿಂದ ಬಂತು ಅಂತ ಅಲ್ಲಿ ನಿಂತು ನೋಡಿದ ಮೇಲೆ ತಿಳಿಯಿತು.

ಈಗ ಮಿರರ್ ಬಿಟ್ಟು ಬಂದ ದಿನದ ಲೆಕ್ಕ ಹಾಕಿ ನೋಡಿ. ಅವತ್ತು ಹೆಡ್‌ಲೈಟೂ ರಟ್ಟಿನಲ್ಲಿತ್ತು, ರಬ್ಬರೂ ರಟ್ಟಿನಲ್ಲಿತ್ತು. ಬ್ರಾಕೆಟ್‌ಗೆ 3 ಜಾಗ, ಹೆಡ್‌ಲೈಟ್‌ಗೆ 5ರ ಬದಲು 10, ಡಕ್ಟ್‌ಗೆ 5. ಅಲ್ಲಿಗೆ 18 ಆಯಿತು. ಉಳಿದ 6ರಲ್ಲಿ ರಬ್ಬರಿನ ಮೂರು ಪ್ಯಾಲೆಟ್ ಮಾತ್ರ ಹಿಡಿಯಿತು. ನಾಲ್ಕನೇ ಪ್ಯಾಲೆಟ್ ಅಲ್ಲೇ ಉಳಿಯಿತು. ಗಾಡಿ ಮಿರರ್‌ನವರ ಗೇಟಿಗೆ ಹೋಗುವ ಹೊತ್ತಿಗೆ ತುಂಬಿಹೋಗಿತ್ತು.

ಮಿರರ್‌ನವರು ಏನೂ ತಪ್ಪು ಮಾಡಿರಲಿಲ್ಲ. ಅವರ ಬಿನ್ ಸರಿ ಇತ್ತು, ಮಾಲು ಸರಿ ಇತ್ತು. ಅವರು ರೂಟಿನ ಕೊನೆಯಲ್ಲಿದ್ದರು, ಅಷ್ಟೇ. ಮಿಲ್ಕ್ ರನ್‌ನಲ್ಲಿ ಮೊದಲಿನವರು ಮಾಡಿದ ಏರುಪೇರಿನ ಹೊಡೆತ ಬೀಳುವುದು ಕೊನೆಯವರಿಗೆ. ಹೀಗಾಗಿ ಶಾರ್ಟೇಜ್ ರಿಪೋರ್ಟಿನಲ್ಲಿ ಒಂದೇ ಸಪ್ಲೈಯರ್ ಹೆಸರು ಪದೇ ಪದೇ ಬರುತ್ತಿದ್ದರೆ, ಅವರು ರೂಟಿನ ಕೊನೆಯಲ್ಲಿದ್ದಾರಾ ಅಂತ ಮೊದಲು ನೋಡಿ. ನಮ್ಮ ಸ್ಕೋರ್ ಶೀಟಿನಲ್ಲಿ ಆ ಮಿರರ್‌ನವರಿಗೆ ಅತಿ ಕಡಿಮೆ ಅಂಕ ಇತ್ತು. ಅದನ್ನು ಸರಿಪಡಿಸಲು ನಾನು ಖರೀದಿ ವಿಭಾಗದ ಹಿಂದೆ ಬಿದ್ದೆ, ಸರಿಯಾಯಿತು.

ಇನ್ನೊಂದು ಸಣ್ಣ ವಿಷಯ ಲೈನ್ ನಿಲ್ಲಿಸಿತು. ಮಿರರ್ ಬಂದಿಲ್ಲ ಅಂತ ನಮಗೆ ಗೊತ್ತಾಗಿದ್ದೇ ಗಾಡಿ ಬಿಚ್ಚಿ ಇಳಿಸಿದ ಮೇಲೆ. ಪ್ಲಾಂಟಿನಲ್ಲಿ ಎರಡು ಗಂಟೆಯ ಮಿರರ್ ಇತ್ತು. ಸ್ಪೆಷಲ್ ಗಾಡಿ ಗೊತ್ತು ಮಾಡಲು ಒಂದು ಗಂಟೆ, ಹೋಗಲು 35 ನಿಮಿಷ, ಹತ್ತಿಸಿಕೊಂಡು ಬರಲು 47 ನಿಮಿಷ. 22 ನಿಮಿಷ ಕಡಿಮೆ ಬಿತ್ತು. ಡ್ರೈವರ್ ಮಿರರ್‌ನವರ ಗೇಟಿನಿಂದಲೇ ಒಂದು ಫೋನ್ ಮಾಡಿದ್ದರೆ ಮಾಲು ಬಂದು ಮುಟ್ಟುತ್ತಿತ್ತು. ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ನಾವು ಹೇಳಿಯೇ ಇರಲಿಲ್ಲ.

ಸುತ್ತು ಬಿಗಿಯಾಗಿದ್ದು ಹೇಗೆ

ಇಷ್ಟು ದಿನ ಇದು ತಾನಾಗಿ ಯಾಕೆ ಸರಿಹೋಗಲಿಲ್ಲ ಅಂದರೆ, ಪ್ರತಿಯೊಬ್ಬರೂ ತಮಗೆ ಕಂಡಿದ್ದಕ್ಕೆ ಸರಿಯಾದ ಕೆಲಸವನ್ನೇ ಮಾಡುತ್ತಿದ್ದರು. ರಟ್ಟಿನ ಪೆಟ್ಟಿಗೆ ಬಂದರೆ ಗಾಡಿಯಲ್ಲಿ ಜಾಗ ಸಾಲುವುದಿಲ್ಲ ಅಂತ ಡಾಕಿನವರಿಗೆ ಗೊತ್ತಾಗಿತ್ತು. ಹಾಗಾಗಿ "ಇವತ್ತು ರಟ್ಟು ಬರುತ್ತೆ" ಅಂತ ಸುದ್ದಿ ಬಂದ ದಿನ ಜಾಗ ಇರಲಿ ಅಂತ ಬೇಕೆಂದೇ ಖಾಲಿ ಕಡಿಮೆ ಹತ್ತಿಸುತ್ತಿದ್ದರು. ಖಾಲಿ ಕಡಿಮೆ ಹೋದರೆ ಸಪ್ಲೈಯರ್ ಹತ್ತಿರ ಬಿನ್ ಇನ್ನೂ ಕಡಿಮೆ. ಮತ್ತೆ ರಟ್ಟು. ರಟ್ಟು ಹತ್ತಿಸಲು ಸಮಯ ಜಾಸ್ತಿ, ಗಾಡಿ ಲೇಟು, ಲೇಟಾಯಿತು ಅಂತ ಮತ್ತೆ ಖಾಲಿ ಬಿಟ್ಟು ಹೊರಡುವುದು. ಎರಡು ದಾರಿಯಿಂದಲೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿದ್ದೆವು.

ಒಂದು ಸಲ ಖಾಲಿ ಬಿಟ್ಟು ಹೋದ ಮಾತ್ರಕ್ಕೆ ರಟ್ಟು ಶುರುವಾಗಬಾರದಲ್ಲ ಅಂತ ನನಗೆ ಅನುಮಾನ ಇತ್ತು. ಬಿನ್ ಖರೀದಿ ಮಾಡುವಾಗ ಲೆಕ್ಕ ಸರಿಯಾಗೇ ಹಾಕಿದ್ದರು. ಹೆಡ್‌ಲೈಟ್‌ಗೆ ಒಂದು ಟ್ರಿಪ್‌ಗೆ 75 ಬಿನ್. ಯಾವ ಹೊತ್ತಿಗೂ 75 ಪ್ಲಾಂಟಿನಲ್ಲಿ ಖಾಲಿಯಾಗುತ್ತಾ ಇರುತ್ತದೆ, 75 ಗಾಡಿಯಲ್ಲಿರುತ್ತದೆ, 75 ಸಪ್ಲೈಯರ್ ಹತ್ತಿರ ತುಂಬುತ್ತಾ ಇರುತ್ತದೆ. ಮೂರು ಸೆಟ್ ಇಲ್ಲದೆ ಸುತ್ತು ತಿರುಗುವುದೇ ಇಲ್ಲ. ನಾಲ್ಕನೇ ಸೆಟ್ ಉಸಿರಾಡೋಕೆ. ಹೀಗೆ 300 ಬಿನ್ ತಂದಿದ್ದರು. ನಾಲ್ಕನೇ ಸೆಟ್ ಇದ್ದರೆ ಒಂದು ಸಲ ಖಾಲಿ ತಪ್ಪಿದರೂ ತಡೆಯುತ್ತದೆ.

ಒಂದು ಭಾನುವಾರ ಎಲ್ಲ ಕಡೆ ಒಟ್ಟಿಗೆ ಎಣಿಸಿದೆವು, ಪ್ಲಾಂಟು, ಐದು ಸಪ್ಲೈಯರ್, ಗಾಡಿ. ಬಳಸುವ ಸ್ಥಿತಿಯಲ್ಲಿ, ಸುತ್ತಿನಲ್ಲಿ ಇದ್ದಿದ್ದು 228. ಕಾಣೆಯಾದ 72ರಲ್ಲಿ 31 ಬೇರೆ ಸಪ್ಲೈಯರ್‌ಗಳ ಅಂಗಳದಲ್ಲಿ ಸಿಕ್ಕವು. 17 ನಮ್ಮದೇ ಲೈನಿನ ಪಕ್ಕ ಸ್ಕ್ರೂ, ಒರೆಸುವ ಬಟ್ಟೆ, ಕಸ ತುಂಬಿಕೊಂಡು ಕೂತಿದ್ದವು. 14 ಒಡೆದು ರಿಪೇರಿಗೆ ಕಾಯುತ್ತಿದ್ದವು. 10 ಸಿಗಲೇ ಇಲ್ಲ.

228 ಅಂದರೆ 75ರ ಮೂರು ಸೆಟ್, ಮೇಲೆ ಮೂರು ಬಿನ್. ನಾಲ್ಕು ಸೆಟ್ ಇದೆ ಅಂದುಕೊಂಡು ಓಡಿಸುತ್ತಿದ್ದ ಸುತ್ತಿನಲ್ಲಿ ಇದ್ದಿದ್ದು ಮೂರೇ. ಒಂದು ಟ್ರಿಪ್ ಖಾಲಿ ತಪ್ಪಿದರೆ ಆ 5 ಗಂಟೆಯೊಳಗೇ ಹೆಡ್‌ಲೈಟ್‌ನವರ ಕೈ ಖಾಲಿ.

31 ಬಿನ್ ಬೇರೆಯವರ ಹತ್ತಿರ ಹೋಗಿದ್ದು ಯಾಕೆ ಅನ್ನುವುದಕ್ಕೆ ಕಾರಣ ಸರಳ. ಐದೂ ಜನರ ಬಿನ್ ಒಂದೇ ಅಳತೆ, ಒಂದೇ ನೀಲಿ ಬಣ್ಣ. ಹೆಡ್‌ಲೈಟ್ ಬಿನ್ ಒಳಗೆ ಫೋಮ್ ಇರುತ್ತದೆ, ಆದರೆ ಒಂದರ ಮೇಲೆ ಒಂದು ಜೋಡಿಸಿಟ್ಟಾಗ ಹೊರಗಿನಿಂದ ಗೊತ್ತಾಗುವುದಿಲ್ಲ. ಫೋರ್ಕ್‌ಲಿಫ್ಟ್‌ನವರು ಅವಸರದಲ್ಲಿ ಹತ್ತಿರ ಇದ್ದ ಪ್ಯಾಲೆಟ್ ಎತ್ತಿ ಗಾಡಿಗೆ ಇಡುತ್ತಿದ್ದರು. ರಬ್ಬರಿನವರಿಗೆ ಫೋಮ್ ಇದ್ದರೆ ತೊಂದರೆ, ಕಿತ್ತು ಪಕ್ಕಕ್ಕಿಟ್ಟು ರಬ್ಬರ್ ತುಂಬಿ ಕಳಿಸುತ್ತಿದ್ದರು. ಫೋಮ್ ಹೋದ ಬಿನ್ ಹೆಡ್‌ಲೈಟ್‌ನವರಿಗೆ ವಾಪಸ್ ಹೋದರೂ ಉಪಯೋಗವಿಲ್ಲ.

ಮಾಡಿದ್ದೇನು

ಮೊದಲು ಬಾಕಿ ತೀರಿಸಬೇಕಿತ್ತು. ಐದೈದು ಜಾಗದಲ್ಲಿ ಅದು ತೀರುವುದಿಲ್ಲ ಅಂತ ಲೆಕ್ಕವೇ ಹೇಳುತ್ತಿತ್ತು. ಅದಕ್ಕೆ ಬರೀ ಖಾಲಿ ಬಿನ್ ಹೊತ್ತುಕೊಂಡು ಹೋಗುವ ಒಂದು ಗಾಡಿ ಕೇಳಿದೆ. ಖಾಲಿ ಡಬ್ಬಕ್ಕೆ ಒಂದು ಗಾಡಿನಾ ಅಂತ ಮೇಲಿನವರು ಕೇಳಿದರು. 19 ಮತ್ತು 5ರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿದರು. ಒಂದೇ ಒಂದು ಭಾನುವಾರ ಎರಡು ಸಲ ಓಡಿಸಿದೆವು. ಸೋಮವಾರ ಬೆಳಿಗ್ಗೆ ಎಲ್ಲ ಸಪ್ಲೈಯರ್ ಹತ್ತಿರವೂ ಅವರವರ ಬಿನ್ ಇತ್ತು.

ಆಮೇಲೆ ಖಾಲಿ ಹತ್ತಿಸುವ ಕೆಲಸವನ್ನೇ ಬದಲಾಯಿಸಿದೆವು. ಮೊದಲು ಗಾಡಿ ಬಂದು ನಿಂತ ಮೇಲೆ ಫೋರ್ಕ್‌ಲಿಫ್ಟ್ ಅಂಗಳಕ್ಕೆ ಹೋಗಿ ಖಾಲಿ ಹುಡುಕಿ ತರುತ್ತಿತ್ತು, ಅದಕ್ಕೇ 25 ನಿಮಿಷ. ಈಗ ಡಾಕಿನ ಪಕ್ಕ ಐದು ಪಟ್ಟಿ ಬಳಿದು, ಗಾಡಿ ಬರುವ ಅರ್ಧ ಗಂಟೆ ಮೊದಲೇ ಆ ಟ್ರಿಪ್‌ನ ಖಾಲಿಯನ್ನು ರೂಟಿನ ಸಾಲಿನಲ್ಲೇ ಜೋಡಿಸಿಡುತ್ತಾರೆ. ಬ್ರಾಕೆಟ್ ಪಟ್ಟಿಯಲ್ಲಿ 3, ಹೆಡ್‌ಲೈಟ್ ಪಟ್ಟಿಯಲ್ಲಿ 5, ಹೀಗೆ. ಪಟ್ಟಿ ತುಂಬಿಲ್ಲ ಅಂದರೆ ದೂರದಿಂದಲೇ ಕಾಣುತ್ತದೆ, ಗಾಡಿ ಬರುವ ಮೊದಲೇ ಹುಡುಕಬಹುದು. ಹತ್ತಿಸುವ ಸಮಯ 12 ನಿಮಿಷಕ್ಕೆ ಇಳಿಯಿತು. ಸುತ್ತಿನಲ್ಲಿ ಮಿಗುವ ಸಮಯ 20 ನಿಮಿಷ ಇದ್ದಿದ್ದು 33 ಆಯಿತು. ಗಾಡಿ ಲೇಟಾಗಿ ಬಂದರೂ ಖಾಲಿ ಬಿಟ್ಟು ಹೊರಡುವ ಆಸೆಯೇ ಹುಟ್ಟದಂತೆ ಮಾಡಿದ್ದು ಈ 13 ನಿಮಿಷ. ಖಾಲಿ ಇಲ್ಲದೆ ಗೇಟ್ ಪಾಸ್ ಇಲ್ಲ ಅನ್ನುವ ನಿಯಮವನ್ನೂ ತಂದೆವು. ಆದರೆ ಪಟ್ಟಿ ಇಲ್ಲದೆ ನಿಯಮ ಮಾತ್ರ ತಂದಿದ್ದರೆ ಒಂದು ವಾರವೂ ನಡೆಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಬಿನ್‌ಗಳಿಗೆ ಸಪ್ಲೈಯರ್ ಪ್ರಕಾರ ಬಣ್ಣದ ಪಟ್ಟಿ ಅಂಟಿಸಿದೆವು, ನಾಲ್ಕೂ ಬದಿಗೆ, ಜೋಡಿಸಿಟ್ಟಾಗಲೂ ಕಾಣುವ ಹಾಗೆ. ಡ್ರೈವರ್ ಕೈಗೆ ಒಂದು ಹಾಳೆ ಕೊಟ್ಟೆವು. ಪ್ರತಿ ಗೇಟಿನಲ್ಲಿ ಎಷ್ಟು ಖಾಲಿ ಕೊಟ್ಟೆ, ಎಷ್ಟು ತುಂಬಿದ್ದು ತಗೊಂಡೆ, ಎರಡು ಸಂಖ್ಯೆ, ಒಂದು ಸಹಿ. ಎರಡೂ ಸಂಖ್ಯೆ ಒಂದೇ ಇರಬೇಕು, ಇಲ್ಲದಿದ್ದರೆ ಯಾಕೆ ಅಂತ ಅವತ್ತೇ ಕೇಳುತ್ತೇವೆ. ಮಾಲು ಉಳಿದರೆ ಆ ಗೇಟಿನಿಂದಲೇ ಫೋನ್ ಮಾಡಬೇಕಾದ ನಂಬರ್ ಅದೇ ಹಾಳೆಯ ಮೇಲೆ ದೊಡ್ಡದಾಗಿ ಅಚ್ಚಾಗಿದೆ.

ಸಿಕ್ಕ 31 ಮತ್ತು 17 ವಾಪಸ್ ಬಂದವು. ರಿಪೇರಿಯಿಂದ 12 ಬಂದವು. 288 ಆಯಿತು. ಇನ್ನೂ ಒಂದು ಪೂರ್ತಿ ಸೆಟ್, 75, ಕೇಳಿದ್ದೆ. 40 ಕೊಟ್ಟರು. ಒಟ್ಟು 328. ನಾಲ್ಕು ಸೆಟ್ಟೂ ಇದೆ, ಮೇಲೆ ಒಡೆಯುವುದಕ್ಕೆ, ತೊಳೆಯುವುದಕ್ಕೆ 28 ಇದೆ. ರಬ್ಬರಿನವರಿಗೆ ಹೊಸ ಬಿನ್ ಕೊಡಿಸಲು ಆಗಲಿಲ್ಲ, ಅವರ ಸುತ್ತು ಇನ್ನೂ ಬಿಗಿಯಾಗೇ ಇದೆ, ಅದು ನನಗೆ ಸಮಾಧಾನ ಇಲ್ಲದ ವಿಷಯ.

ರಟ್ಟನ್ನು ಪೂರ್ತಿ ನಿಷೇಧಿಸಲಿಲ್ಲ. ನಿಷೇಧಿಸಿದರೆ ಬಿನ್ ಇಲ್ಲದ ದಿನ ಸಪ್ಲೈಯರ್ ಲೈನೇ ನಿಲ್ಲುತ್ತದೆ. ಬದಲಿಗೆ ಎರಡು ಶರತ್ತು ಹಾಕಿದೆವು. ರಟ್ಟು ಇದ್ದರೆ ಗಾಡಿ ಪ್ಲಾಂಟ್ ಬಿಡುವ ಮೊದಲೇ ತಿಳಿಸಬೇಕು, ಮತ್ತೆ ಪ್ಯಾಲೆಟ್ ಎತ್ತರ 1.05 ಮೀಟರ್ ದಾಟಬಾರದು. ಅಷ್ಟೇ ಎತ್ತರ ಇದ್ದರೆ ಅದನ್ನು ಬ್ರಾಕೆಟ್ಟೋ ಡಕ್ಟೋ ಇರುವ ಬಿನ್ ಪ್ಯಾಲೆಟ್ ಮೇಲೆ ಇಡಬಹುದು, ಒಂದು ಪ್ಯಾಲೆಟ್‌ಗೆ ಒಂದೇ ಜಾಗ. ಪ್ಯಾಲೆಟ್ ಸಂಖ್ಯೆ ಒಂದೆರಡು ಜಾಸ್ತಿ ಆಗಬಹುದು, ಅದಕ್ಕೆ ಆ ಐದು ಜಾಗ ಇದೆ.

ಮುಂದಿನ ತಿಂಗಳು ಸ್ಪೆಷಲ್ ಗಾಡಿ 11ರಿಂದ 2ಕ್ಕೆ ಇಳಿಯಿತು. ಆ ಎರಡೂ ಡಕ್ಟ್‌ನವರ ಅಚ್ಚು ಒಡೆದಿದ್ದರಿಂದ. ಮಾಲೇ ತಯಾರಿಲ್ಲದಿದ್ದರೆ ಯಾವ ರೂಟೂ ಏನೂ ಮಾಡಲಾರದು. ಅಂಥ ದಿನ ಗಾಡಿ ಗೇಟಿನಲ್ಲಿ 10 ನಿಮಿಷ ಕಾದು ಮುಂದೆ ಹೋಗುತ್ತದೆ, ಉಳಿದ ಮಾಲನ್ನು ಅವರೇ ಕಳಿಸಬೇಕು. ಒಬ್ಬರಿಗಾಗಿ ಕಾದರೆ ಅವರ ಮುಂದಿನ ಎಲ್ಲರೂ ಲೇಟಾಗುತ್ತಾರೆ. ಕಠಿಣ ಅನಿಸುತ್ತದೆ, ಆದರೆ ಕೊನೆಯವರ ಪರವಾಗಿ ಯಾರಾದರೂ ನಿಲ್ಲಬೇಕಲ್ಲ.

ಆ ಐದು ಜಾಗ

ಎಲ್ಲ ಸುಗಮವಾದ ಎರಡು ತಿಂಗಳಿಗೆ ಒಂದು ಪ್ರಸ್ತಾಪ ಬಂತು. ಗಾಡಿ ಶೇಕಡ 79 ಮಾತ್ರ ತುಂಬುತ್ತಿದೆ, ಈಗ ಸಮಯವೂ 33 ನಿಮಿಷ ಮಿಗುತ್ತಿದೆ, ಹಾರ್ನ್ ಮಾಡುವ ಆರನೇ ಸಪ್ಲೈಯರ್‌ನೂ ಇದೇ ರೂಟಿಗೆ ಸೇರಿಸೋಣ ಅಂತ. ಅವರದು 3 ಪ್ಯಾಲೆಟ್. ಸೇರಿಸಿದರೆ 24ರಲ್ಲಿ 22, ಶೇಕಡ 92. ಹಾಳೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು.

ನಾನು ಅದೇ ಬೋರ್ಡಿಗೆ ವಾಪಸ್ ಹೋದೆ. ಒಂದು ನಿಲುಗಡೆಗೆ 20 ನಿಮಿಷ, ಸುತ್ತಿ ಹೋಗಲು 10. 33ರಲ್ಲಿ ಉಳಿಯುವುದು 3 ನಿಮಿಷ. ಅಂದರೆ ಗಾಡಿ ಮತ್ತೆ ಲೇಟಾಗುತ್ತದೆ, ಖಾಲಿ ಬಿಡುವ ಒತ್ತಡ ಮತ್ತೆ ಬರುತ್ತದೆ. ಒಂದು ಸಲ ಬಿಟ್ಟರೆ ಬಾಕಿ 22 ಪ್ಯಾಲೆಟ್, ತೀರಿಸಲು ಇರುವ ಜಾಗ ಟ್ರಿಪ್‌ಗೆ 2. ನಾಲ್ಕು ಟ್ರಿಪ್‌ನಲ್ಲಿ ಮುಗಿಯುತ್ತಿದ್ದದ್ದು ಹನ್ನೊಂದು ಟ್ರಿಪ್ ಆಗುತ್ತದೆ, ಹೆಚ್ಚು ಕಡಿಮೆ ನಾಲ್ಕು ದಿನ. ಸಪ್ಲೈಯರ್ ಹತ್ತಿರ ಇರುವ ಹೆಚ್ಚುವರಿ ಬಿನ್ ಒಂದು ಸೆಟ್, ಅಂದರೆ ಒಂದು ಟ್ರಿಪ್‌ನದು. ಆ ನಾಲ್ಕು ದಿನದಲ್ಲಿ ಇನ್ನೊಂದು ಸಲ ತಪ್ಪಿದರೆ ಮತ್ತೆ ರಟ್ಟು.

ಹಾರ್ನ್ ಇನ್ನೊಂದು ರೂಟಿಗೆ ಹೋಯಿತು. ಈ ರೂಟ್ ಶೇಕಡ 79ರಲ್ಲೇ ಓಡುತ್ತಿದೆ.